ಹುಡುಕೋ ಕೆಲಸವೂ ನಂದೇನಾ?

ಮೊನ್ನೆ ಸಮಾಲೋಚನೆಗೆ ಬಂದ ಗಂಡ, ಕೂತ ಕೂಡಲೇ ಫೋನನ್ನು ಹೆಂಡತಿಯ ಕಡೆ ಚಾಚಿದ. "ತಗೋ, ಪಾಸ್‌ವರ್ಡೂ ನಿನಗೆ ಗೊತ್ತು. ನೋಡ್ಕೋ." ಅವಳು ಫೋನ್ ಮುಟ್ಟಲಿಲ್ಲ. "ತಪ್ಪು ಮಾಡಿದ್ದು ನೀನು. ಹುಡುಕೋ ಕೆಲಸವೂ ನಂದೇನಾ?" ಎಂದಳು. ಆ ಮಾತು ವಾರವಿಡೀ ಕಿವಿಯಲ್ಲೇ ಇದೆ.

ಅವನು ಕೆಟ್ಟವನಲ್ಲ, ಹೆದರಿದವನು. ಸಹೋದ್ಯೋಗಿಯ ಜೊತೆ ಎಂಟು ತಿಂಗಳು ರಾತ್ರಿ ಚಾಟ್, ಬೆಳಗಾಗುವುದರೊಳಗೆ ಡಿಲೀಟ್. "ಮುಟ್ಟಿಲ್ಲ, ಏನೂ ನಡೆದಿಲ್ಲ" ಎಂಬುದೇ ಅವನ ವಾದ. ನಡೆದದ್ದು ಇಷ್ಟು: ಮನೆಯೊಳಗಿನ ಜಗಳ, ಬೇಸರ, ಆಸೆಗಳನ್ನೆಲ್ಲ ಆಚೆ ಹೇಳಿಕೊಂಡ, ಹೇಳಿಕೊಂಡದ್ದನ್ನು ಮನೆಯಲ್ಲಿ ಮುಚ್ಚಿಟ್ಟ. ಆ ಮುಚ್ಚಿಟ್ಟದ್ದೇ ಅವಳಿಗೆ ಹೆಚ್ಚು ನೋವು.

ಹಾಳಾದದ್ದು ಸತ್ಯ ಕಂತಿನಲ್ಲಿ ಬಂದದ್ದರಿಂದ. ಮೊದಲು "ಬರೀ ಆಫೀಸ್ ಮಾತು", ಹತ್ತು ದಿನ ಬಿಟ್ಟು "ಒಮ್ಮೆ ಕಾಫಿಗೆ ಹೋಗಿದ್ವಿ", ಆಮೇಲೆ "ನಿನ್ನ ಬಗ್ಗೆಯೂ ಹೇಳಿದ್ದೆ". ಪ್ರತಿ ಕಂತಿಗೂ ಅವಳು ಮೊದಲ ದಿನಕ್ಕೇ ವಾಪಸ್. ಅದಕ್ಕೇ ಒಂದೇ ಸಲಕ್ಕೆ, ಕಾಗದದ ಮೇಲೆ ಬರೆದು ಹೇಳುವುದು ಒಳ್ಳೆಯದು: ಯಾವಾಗ ಶುರುವಾಯಿತು, ಎಷ್ಟು ಸಲ ಭೇಟಿ, ಉಡುಗೊರೆ ಏನು, ಮನೆಯ ಯಾವ ವಿಷಯ ಆಚೆ ಹೋಯಿತು, ಅದಕ್ಕಾಗಿ ಯಾವ ಯಾವ ಸುಳ್ಳು ಹೇಳಿದ್ದು, ಕೊನೆಯ ಮಾತು ಯಾವತ್ತು. ಪ್ರೀತಿಯ ಮಾತುಗಳನ್ನು ಅಕ್ಷರಶಃ ಒಪ್ಪಿಸಬೇಕಿಲ್ಲ. ಅವು ತಲೆಯಲ್ಲಿ ಉಳಿದು ಕಾಡುತ್ತವೆ, ತಿಳಿವಳಿಕೆಯನ್ನೇನೂ ಹೆಚ್ಚಿಸುವುದಿಲ್ಲ.

ಅವನದೂ ಆ ಸಹೋದ್ಯೋಗಿಯದೂ ಒಂದೇ ಟೀಮ್, ಬ್ಲಾಕ್ ಮಾಡಿದರೆ ಕೆಲಸ ನಡೆಯದು. ಹಾಗಾಗಿ ಅವಳಿಗೆ ಕಳಿಸಲು ಒಂದು ಮೆಸೇಜನ್ನು ಗಂಡ ಹೆಂಡತಿ ಸೇರಿಯೇ ಬರೆದರು: "ಇನ್ನು ಮುಂದೆ ಕೆಲಸದ ವಿಷಯ ಮಾತ್ರ, ಅದೂ ಆಫೀಸ್ ಮೇಲ್‌ನಲ್ಲಿ. ದಯವಿಟ್ಟು ವೈಯಕ್ತಿಕವಾಗಿ ಸಂಪರ್ಕಿಸಬೇಡಿ." ಅವನು ಕೊನೆಗೆ "ನಿಮ್ಮನ್ನು ಮರೆಯಲ್ಲ" ಎಂದು ಸೇರಿಸಹೊರಟ. ಅದು ಬಾಗಿಲನ್ನು ಅರ್ಧ ತೆರೆದಿಟ್ಟ ಹಾಗೆ, ಬಿಡಿಸಬೇಕಾಯಿತು.

ಫೋನ್ ತೆರೆದಿಡುವುದು ಬೇಕು. ಆದರೆ ಡಿಲೀಟ್ ಮಾಡುವುದು ಗೊತ್ತಿರುವವನ ಖಾಲಿ ಚಾಟ್ ನೋಡಿ ಯಾವ ಹೆಂಡತಿಗೂ ಸಮಾಧಾನವಾಗದು. ಇಂದು ಏನೂ ಸಿಗದಿದ್ದರೆ ನಾಳೆ ಮತ್ತೆ ಹುಡುಕುತ್ತಾಳೆ. ಅವಳಿಗೆ ಬೇಕಿರುವುದು ಕೇಳುವ ಮೊದಲೇ ಬರುವ ಮಾತು: ಆ ಹೆಂಗಸು ಮೆಸೇಜ್ ಮಾಡಿದರೆ, ಲಿಫ್ಟಿನಲ್ಲಿ ಎದುರಾದರೆ, ಅವತ್ತೇ ಸಂಜೆ ಹೇಳುವುದು. ಜಗಳವಾಗುತ್ತದೆಂದು ಮುಚ್ಚಿಟ್ಟರೆ, ಎರಡು ದಿನದ ನಂತರ ಗೊತ್ತಾಗಿ ಸಣ್ಣ ವಿಷಯವೇ ಹೊಸ ಸುಳ್ಳಾಗುತ್ತದೆ.

ಅವಳ ಪ್ರಶ್ನೆಗಳಿಗೆ ದಿನಕ್ಕೆ ಅರ್ಧ ಗಂಟೆ ಗೊತ್ತುಮಾಡಿದೆವು, ಊಟಕ್ಕೆ ಮುಂಚೆ. ಮಲಗುವ ಹೊತ್ತಿಗೆ ಶುರುವಾದರೆ ಇಬ್ಬರಿಗೂ ನಿದ್ದೆಯಿಲ್ಲ. ಅದೇ ಪ್ರಶ್ನೆ ಇಪ್ಪತ್ತನೇ ಸಲ ಬಂದರೂ "ಹೇಳಿದ್ನಲ್ಲಾ" ಅನ್ನಬಾರದು. ಉತ್ತರ ಬದಲಾಗುತ್ತದೋ ಇಲ್ಲವೋ ಎಂದು ಅವಳು ನೋಡುತ್ತಿರುತ್ತಾಳೆ. ಫೋನ್ ನೋಡುವ ಏರ್ಪಾಡನ್ನು ಮೂರು ತಿಂಗಳಿಗೊಮ್ಮೆ ಇಬ್ಬರೂ ಕೂತು ಮತ್ತೆ ಮಾತಾಡಿಕೊಳ್ಳಬೇಕು. ಸಡಿಲಿಸುವ ಮಾತು ಅವಳ ಬಾಯಿಂದಲೇ ಬರಲಿ.

ಹೊರಡುವಾಗ ಅವನು ಫೋನನ್ನು ಜೇಬಿಗಿಟ್ಟು, "ನಿನ್ನೆ ಮೀಟಿಂಗಲ್ಲಿ ಅವರೂ ಇದ್ರು. ಹೇಳೋಕೆ ಭಯ ಆಯ್ತು" ಎಂದ. ಅವಳು ಎದ್ದವಳು ಮತ್ತೆ ಕೂತಳು.