ಬೋನಸ್ ಬ್ಯಾಡ ಅನ್ನೋವ್ರಿಗೆ

"ಸರ್, ಈ ಸಲ ಬೋನಸ್ ಬಂದ್ರ ಇಪ್ಪತ್ತು ಪರ್ಸೆಂಟ್ ಸ್ಲ್ಯಾಬಿಗೆ ಹೋಗ್ತೀನ್ರೀ. ಪೂರಾ ಪಗಾರಕ್ಕ ಹೆಚ್ಚಿಗಿ ಟ್ಯಾಕ್ಸ್ ಬೀಳತೈತಿ. ಬೋನಸ್ ಬ್ಯಾಡ ಅನ್ಲೇನು?"

ತಗೋರಿ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ, ಆದಾಯ 50 ಲಕ್ಷದೊಳಗಿದ್ದರೆ, ಒಂದೇ ಒಂದು ಜಾಗ ಬಿಟ್ಟು ಎಲ್ಲ ಕಡೆಯೂ ತಗೋರಿ. ಆ ಜಾಗ ಯಾವುದು ಅಂತ ಆಮೇಲೆ ಹೇಳ್ತೀನಿ, ಯಾಕಂದ್ರೆ ಅದನ್ನ ಯಾರೂ ಕೇಳೋದೇ ಇಲ್ಲ.

ಸ್ಲ್ಯಾಬಿಗೆ ನೀವು ಹೋಗೋದಿಲ್ಲ ಮಾರಾಯ್ರೇ, ನಿಮ್ಮ ರೂಪಾಯಿ ಹೋಗ್ತದೆ. ಅದೂ ಗಡಿ ದಾಟಿದಷ್ಟು ರೂಪಾಯಿ ಮಾತ್ರ. ಕೆಳಗೆ ಕೂತವು ಕೂತಲ್ಲೇ ಇರ್ತಾವೆ.

ಹುಬ್ಬಳ್ಳಿ ಗೋಕುಲ ರೋಡಿನ ಕಾರ್ಖಾನೆಯ ಒಬ್ಬ ಮ್ಯಾನೇಜರ್ ಅಂತ ಇಟ್ಕೊಳ್ರಿ. 2025-26ರ ಹೊಸ ಪದ್ಧತಿ, ವರ್ಷದ ಪಗಾರ 16,25,000. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ತೆಗೆದರೆ ಟ್ಯಾಕ್ಸ್ ಲೆಕ್ಕಕ್ಕೆ ಬರೋದು 15,50,000. ಮೊದಲ 4 ಲಕ್ಷಕ್ಕೆ ಏನೂ ಇಲ್ಲ, ಮುಂದಿನ 4 ಲಕ್ಷಕ್ಕೆ ಶೇ. 5, ಅದರ ಮುಂದಿನ 4 ಲಕ್ಷಕ್ಕೆ ಶೇ. 10, ಉಳಿದ ಮೂರೂವರೆ ಲಕ್ಷಕ್ಕೆ ಶೇ. 15. ಆ ತೆರಿಗೆ ಮೇಲೆ ಶೇ. 4ರ ಸೆಸ್ ಸೇರಿ 1,17,000.

ಈಗ ಒಂದೂವರೆ ಲಕ್ಷ ಬೋನಸ್ ಬಂತು. ಶೇ. 20ರ ಗಡಿ 16 ಲಕ್ಷದಲ್ಲಿದೆ. ಹಂಗಾಗಿ ಬೋನಸ್ಸಿನ ಮೊದಲ 50,000 ಹಳೇ ಶೇ. 15ರಲ್ಲೇ ಮುಗೀತದೆ, ಮಿಕ್ಕ ಒಂದು ಲಕ್ಷಕ್ಕೆ ಶೇ. 20. ಅಂದ್ರೆ 7,500 ಮತ್ತು 20,000, ಮೇಲೆ ಸೆಸ್ 1,100. ಒಟ್ಟು 28,600 ಹೋಯ್ತು, 1,21,400 ಕೈಗೆ ಬಂತು. ಹಳೇ ಪಗಾರದ ಮೇಲಿನ 1,17,000 ಒಂದು ಪೈಸೆ ಅಲುಗಾಡಲಿಲ್ಲ. "ಇಪ್ಪತ್ತು ಪರ್ಸೆಂಟಿನವ" ಆದ ಮೇಲೂ ಇವರ ಒಟ್ಟು ತೆರಿಗೆ 17 ಲಕ್ಷಕ್ಕೆ 1,45,600. ಸರಾಸರಿ ಶೇ. 8.6ರ ಆಸುಪಾಸು.

"ಆದ್ರ ನನ್ನ ಪೇಸ್ಲಿಪ್‌ನ್ಯಾಗ ಕಾಲು ಭಾಗ ಕಡದಾರ್ರೀ!" ಕಡಿದಿರ್ತಾರೆ, ಸುಳ್ಳಲ್ಲ. ಪ್ರತಿ ತಿಂಗಳು ಹೆಂಗೂ 9,750 ಹೋಗ್ತಿತ್ತು. ಬೋನಸ್ ಮಾರ್ಚ್‌ನಲ್ಲಿ ಬಂದರೆ ಅದರ 28,600 ಪೂರಾ ಅದೇ ಸ್ಲಿಪ್‌ನಲ್ಲಿ ಸೇರಿಕೊಂಡು ಟಿಡಿಎಸ್ 38,350 ಅಂತ ಕಾಣ್ತದೆ. ಆ ಅಂಕಿಯನ್ನ ಬೋನಸ್ಸಿನಿಂದ ಭಾಗಿಸಿ ಕಾಲು ಭಾಗ ಅಂತ ಕೂಗೋದು. ಇದೇ ಬೋನಸ್ ದೀಪಾವಳಿಗೆ, ಅಕ್ಟೋಬರ್‌ನಲ್ಲಿ ಬಂದು, ಅಕೌಂಟ್ಸ್‌ನವರು ತೆರಿಗೆಯನ್ನ ಉಳಿದ ಆರು ತಿಂಗಳಿಗೆ ಹಂಚಿದ್ದರೆ ತಿಂಗಳಿಗೆ 4,800 ಹತ್ತಿರ ಹೆಚ್ಚಾಗ್ತಿತ್ತು, ಯಾರೂ ಫೋನ್ ಮಾಡ್ತಿರಲಿಲ್ಲ. ವರ್ಷದ ತೆರಿಗೆ ಎರಡರಲ್ಲೂ ಒಂದೇ.

ಈಗ ನೀವು ಕೇಳಬೇಕಿದ್ದ ಪ್ರಶ್ನೆ. "ನನ್ನ ಪಗಾರ ಹನ್ನೆರಡು ಮುಕ್ಕಾಲು ಲಕ್ಷ, 50,000 ಬೋನಸ್ ಕೊಡ್ತಾರಂತ, ಏನ್ ಮಾಡ್ಲಿ?"

ಇಲ್ಲಿ ನಿಮ್ಮ ಹೆದರಿಕೆ ಖರೆ. 12,75,000ದಿಂದ 75,000 ಕಳೆದರೆ ಸರಿಯಾಗಿ 12 ಲಕ್ಷ. ಅಲ್ಲಿ ತನಕ ರಿಬೇಟ್ ಇರೋದರಿಂದ ತೆರಿಗೆ ಸೊನ್ನೆ. ಗೃಹಜ್ಯೋತಿಯ 200 ಯೂನಿಟ್ ಇದ್ದಂಗೆ, ಗಡಿ ದಾಟಿದರೆ ಮಾಫಿ ಪೂರಾ ಹೋಯ್ತು. 12,50,000ಕ್ಕೆ ಸ್ಲ್ಯಾಬ್ ಪ್ರಕಾರ 67,500 ಆಗ್ತದೆ. ಆದರೆ ಮಾರ್ಜಿನಲ್ ರಿಲೀಫ್ ಅಂತ ಒಂದಿದೆ: 12 ಲಕ್ಷದ ಮೇಲೆ ಎಷ್ಟು ಬಂತೋ ಅದಕ್ಕಿಂತ ಹೆಚ್ಚು ತೆರಿಗೆ ಕೇಳೋಹಂಗಿಲ್ಲ. ಹಂಗಾಗಿ 67,500 ಇಳಿದು 50,000 ಆಯ್ತು. ಅದರ ಮೇಲೆ ಶೇ. 4ರ ಸೆಸ್ ಮತ್ತೆ ಕೂಡ್ತದೆ, 2,000. ಒಟ್ಟು 52,000. ಐವತ್ತು ಸಾವಿರ ಬೋನಸ್ ತಗೊಂಡು ಕಿಸೆಯಿಂದ ಎರಡು ಸಾವಿರ ಕೊಟ್ಟಿರಿ.

ಬೋನಸ್ ಸುಮಾರು 74,000 ದಾಟೋ ತನಕ ಕೈಯಲ್ಲಿ ಏನೂ ಉಳಿಯೋದಿಲ್ಲ. ಒಂದು ಲಕ್ಷ ಆದರೆ 78,000 ಹೋಗಿ 22,000 ಉಳೀತದೆ. ಅಲ್ಲಿಂದ ಮುಂದೆ ಮತ್ತೆ ಮಾಮೂಲಿ ಲೆಕ್ಕ.

ಈ ಗುಂಡಿಯಲ್ಲಿ ಬಿದ್ದವರು ಬೋನಸ್ ಘೋಷಣೆಗೂ ಮೊದಲೇ ಎಚ್‌ಆರ್ ಹತ್ತಿರ ಹೋಗಿ, ಆ ಮೊತ್ತವನ್ನ ಕಂಪನಿ ಕಡೆಯ ಎನ್‌ಪಿಎಸ್ ಪಿಂಚಣಿ ಕಂತಾಗಿ ಕಟ್ಟೋಕಾಗ್ತದೇನು ಅಂತ ಕೇಳಬೇಕು. ಮೂಲ ವೇತನ ಮತ್ತು ಡಿಎಯ ಶೇ. 14ರ ತನಕ ಹೊಸ ಪದ್ಧತಿಯಲ್ಲೂ ಅದಕ್ಕೆ ವಿನಾಯಿತಿ ಇದೆ. ಆದರೆ ಆ ದುಡ್ಡು ಬೇಕಂದಾಗ ತೆಗೆಯೋಕೆ ಬರೋದಿಲ್ಲ, ಗೊತ್ತಿರಲಿ. "ಮಾರ್ಚ್ ಬೋನಸ್ ಏಪ್ರಿಲ್‌ನ್ಯಾಗ ಹಾಕ್ರಿ" ಅಂದರೂ ನಡೆಯೋದಿಲ್ಲ. ಸಲ್ಲಬೇಕಾದ ದಿನ, ಕೈಗೆ ಬಂದ ದಿನ, ಎರಡರಲ್ಲಿ ಯಾವುದು ಮೊದಲೋ ಆ ವರ್ಷಕ್ಕೇ ತೆರಿಗೆ.

ಇನ್ನು ಬೋನಸ್ಸೇ ಇಲ್ಲದವರೂ ಇಲ್ಲಿ ಬೀಳ್ತಾರೆ. ಪಗಾರ ಸರಿಯಾಗಿ 12,75,000, ಬ್ಯಾಂಕಿನ ಎಫ್‌ಡಿ ಬಡ್ಡಿ 8,000. ಕಂಪನಿಗೆ ಬಡ್ಡಿ ವಿಷಯ ಗೊತ್ತಿರೋದಿಲ್ಲ, ಟಿಡಿಎಸ್ ಸೊನ್ನೆ ಹಾಕಿರ್ತಾರೆ. ಜುಲೈನಲ್ಲಿ ರಿಟರ್ನ್ ತುಂಬುವಾಗ ಆ ಬಡ್ಡಿಗೆ 8,320 ಕಟ್ಟಬೇಕಾಗ್ತದೆ.