ಓಮ್ ಅಲ್ಲ ಸ್ವಾಮಿ, ವೋಲ್ಟ್ ನೋಡಿ

"ಗುರು, ಅಷ್ಟು ದುಡ್ಡು ಕೊಟ್ಟು ಸ್ಟುಡಿಯೋ ಹೆಡ್‌ಫೋನ್ ತಗೊಂಡೆ, ಫೋನಿಗೆ ಹಾಕಿದ್ರೆ ಫುಲ್ ವಾಲ್ಯೂಮಲ್ಲೂ ಸೌಂಡ್ ಕಮ್ಮಿ. ಡೂಪ್ಲಿಕೇಟ್ ಪೀಸ್ ಕೊಟ್ಬಿಟ್ರಾ?"

ಇಲ್ಲ. ಬಹುತೇಕ ಪೀಸ್ ಸರಿಯಾಗೇ ಇರುತ್ತೆ. ಅದನ್ನ ಯಾವುದಾದ್ರೂ ಮಿಕ್ಸರ್‌ಗೋ ಆಡಿಯೋ ಇಂಟರ್‌ಫೇಸ್‌ಗೋ ಹಾಕಿ ಕೇಳಿ, ಅಲ್ಲಿ ಜೋರಾಗಿ ಕೇಳಿಸಿದ್ರೆ ಹೆಡ್‌ಫೋನ್ ಸರಿಯಿದೆ, ನಿಮ್ಮ ಫೋನು ಕೊಡ್ತಿರೋ ವೋಲ್ಟೇಜ್ ಸಾಕಾಗ್ತಿಲ್ಲ. ಅಷ್ಟೇ ಉತ್ತರ. ಇಷ್ಟಕ್ಕೇ ನಿಲ್ಲಿಸೋರು ಇಲ್ಲಿಂದಾನೇ ಹೊರಡಬಹುದು. ಆದ್ರೆ ಯಾರೂ ಹೊರಡಲ್ಲ, ಇದಾದ ತಕ್ಷಣ ಡಬ್ಬಿ ಮೇಲೆ ಬರೆದಿರೋ ಓಮ್, ಅಂದ್ರೆ ಕರೆಂಟಿಗೆ ಹೆಡ್‌ಫೋನ್ ಒಡ್ಡೋ ತಡೆ, ಅದನ್ನ ನೋಡಿ "ಓಹ್ ಹಂಗಾದ್ರೆ ಓಮ್ ಜಾಸ್ತಿ ಇದ್ರೆ ಸೌಂಡ್ ಕಮ್ಮಿ ಅಂತ ಅರ್ಥ" ಅಂತ ತಾವೇ ತೀರ್ಪು ಕೊಟ್ಕೊಂಡು ಹೋಗ್ತಾರೆ, ಆರು ತಿಂಗಳಾದ ಮೇಲೆ ಕಮ್ಮಿ ಓಮ್‌ದು ಇನ್ನೊಂದು ತಗೊಂಡು ಅದೇ ಪ್ರಶ್ನೆ ಹೊತ್ಕೊಂಡು ವಾಪಸ್ ಬರ್ತಾರೆ. ಅದಕ್ಕೇ ಬರೀತಿದೀನಿ, ಇನ್ಮೇಲೆ ಲಿಂಕ್ ಕಳಿಸಿ ಸುಮ್ಮನಾಗ್ತೀನಿ.

ಸಂಬಂಧಿಕರ ಒಂದು ಗೃಹಪ್ರವೇಶದಲ್ಲಿ ಇದೇ ಪಂಚಾಯ್ತಿ ಆಯ್ತು. ನಮ್ಮ ಚಿಕ್ಕಪ್ಪನ ಮಗ ಬೇಯರ್‌ಡೈನಮಿಕ್ ಡಿಟಿ 770 ಪ್ರೋ ತಂದಿದ್ದ, 250 ಓಮ್‌ದು. ಅದೇ ಮಾಡೆಲ್ಲು 32, 80 ಓಮಲ್ಲೂ ಸಿಗುತ್ತೆ, ಆದ್ರೆ ಯಾರೋ ವಿಡಿಯೋದಲ್ಲಿ "ನಿಜವಾದ ಸ್ಟುಡಿಯೋದವರು 250 ತಗೋತಾರೆ" ಅಂದಿದ್ದಕ್ಕೆ ಇವನು 250 ತಗೊಂಡಿದ್ದ. ಊಟದ ಪಂಕ್ತಿಗೆ ಕಾಯ್ತಾ ಎಲ್ಲರ ಕಿವಿಗೂ ಅದನ್ನ ಹಾಕಿಸಿ "ಸೌಂಡ್ ಬರ್ತಿಲ್ಲ ಅಲ್ವಾ?" ಅಂತ ಕೇಳ್ತಿದ್ದ. ನಮ್ಮ ಮಾವ ಹಾಕ್ಕೊಂಡು ನೋಡಿ, ತೆಗೆದು, "ಏನಪ್ಪಾ, ಫೋನ್ ಜೊತೆ ಫ್ರೀ ಬಂದ ಇಯರ್‌ಫೋನೇ ಇದಕ್ಕಿಂತ ಜೋರಾಗಿದೆ. ನೀನು ಸೌಂಡ್ ಕೆಲಸದವನು ತಾನೆ, ಹೇಳು ಏನಿದು?" ಅಂತ ನನ್ನ ಕಡೆ ತಿರುಗಿದ್ರು. ಮದ್ವೆ ಮನೇಲಿ ಡಾಕ್ಟರ್‌ಗಳಿಗೆ ಆಗೋದು ನಮಗೂ ಆಗುತ್ತೆ ನೋಡಿ.

ಅದೃಷ್ಟಕ್ಕೆ ಸೀರಿಯಲ್ ಸೆಟ್ ಕಟ್ಟಕ್ಕೆ ಬಂದಿದ್ದ ಎಲೆಕ್ಟ್ರಿಷಿಯನ್ ಹತ್ರ ಹಳದಿ ಮಲ್ಟಿಮೀಟರ್ ಇತ್ತು. ಫೋನಿಗೆ 50 ಹರ್ಟ್ಜ್ ಟೋನ್ ಒಂದು ಹಾಕಿದ್ವಿ, ಫುಲ್ ಲೆವೆಲ್ಲಿಂದು, ಫೋನ್ ವಾಲ್ಯೂಮೂ ಫುಲ್ಲು. 50 ಹರ್ಟ್ಜೇ ಯಾಕೆ ಅಂದ್ರೆ ಅಗ್ಗದ ಮೀಟರ್‌ಗಳು ಮನೆ ಕರೆಂಟ್ ಅಳೆಯಕ್ಕೆ ಮಾಡಿರೋವು, ಆ ಫ್ರೀಕ್ವೆನ್ಸಿಲಿ ಸರಿ ತೋರಿಸ್ತವೆ, 1000 ಹರ್ಟ್ಜ್ ಕೊಟ್ರೆ ಕೆಲವು ಏನೇನೋ ತೋರಿಸ್ತವೆ. ಫೋನಿಗೆ ಆಕ್ಸ್ ಕೇಬಲ್ ಚುಚ್ಚಿ, ಅದರ ಇನ್ನೊಂದು ಪಿನ್ನಿನ ತುದಿಗೆ ಒಂದು ಪ್ರೋಬು, ಬುಡಕ್ಕೆ ಇನ್ನೊಂದು. ಎಸಿ ರೇಂಜ್ 200ರಲ್ಲಿಟ್ಟಿದ್ದು, ಅದಕ್ಕಿಂತ ಚಿಕ್ಕದು ಆ ಮೀಟರಲ್ಲಿ ಇರ್ಲೂ ಇಲ್ಲ. ಡಿಸ್ಪ್ಲೇಲಿ 00.5 ಅಂತ ಬಂತು. ಮಾವ ಬಗ್ಗಿ ನೋಡಿ "ಅರ್ಧ ವೋಲ್ಟಾ? ಗೋಡೆ ಗಡಿಯಾರದ ಶೆಲ್ಲೇ ಒಂದೂವರೆ ಇರುತ್ತಲ್ಲಪ್ಪಾ" ಅಂದ್ರು. ಅವತ್ತು ಅಲ್ಲಿದ್ದೋರಲ್ಲಿ ವಿಷಯ ಅರ್ಥ ಆಗಿದ್ದು ಅವರೊಬ್ಬರಿಗೇ.

ಈಗ ಲೆಕ್ಕ. ಹೆದರ್ಬೇಡಿ, ಹೈಸ್ಕೂಲ್ ಲೆಕ್ಕ. ಹೆಡ್‌ಫೋನಿಗೆ ಎಷ್ಟು ಪವರ್ ಹೋಗುತ್ತೆ ಅನ್ನೋದು ಹೀಗೆ:

```
P = V × V / R
0.5 × 0.5 / 250 = 0.001 W
0.5 × 0.5 / 32  = 0.0078 W
```

ಅಂದ್ರೆ 250 ಓಮ್‌ದಕ್ಕೆ ಆ ಫೋನಿಂದ ಸಿಗೋದು ಕರೆಕ್ಟಾಗಿ ಒಂದು ಮಿಲಿವ್ಯಾಟ್. ಇದರ ಸೆನ್ಸಿಟಿವಿಟಿ ಒಂದು ಮಿಲಿವ್ಯಾಟ್‌ಗೆ 96 ಡಿಬಿ ಅಂತ ಕಂಪನಿಯವರೇ ಹಾಕಿದಾರೆ, ಹಾಗಾಗಿ ಸೌಂಡು ಜಾಸ್ತಿ ಅಂದ್ರೆ 96 ಡಿಬಿ, ಅಲ್ಲಿಗೆ ಗೋಡೆ. ಅದೇ ಮಾಡೆಲ್‌ನ 32 ಓಮ್‌ದಕ್ಕೆ ಅದೇ ಅರ್ಧ ವೋಲ್ಟಿಂದ ಎಂಟು ಮಿಲಿವ್ಯಾಟ್ ಹತ್ರ ಹೋಗುತ್ತೆ, ಸುಮಾರು 105 ಡಿಬಿ. ಒಂಬತ್ತು ಡಿಬಿ ವ್ಯತ್ಯಾಸ, ಕಿವಿಗೆ ಹತ್ತಿರ ಹತ್ತಿರ ಎರಡರಷ್ಟು ಜೋರು. ಎರಡಕ್ಕೂ ಒಂದೊಂದು ಮಿಲಿವ್ಯಾಟ್ ಕೊಟ್ಟಿದ್ರೆ ಎರಡೂ ಒಂದೇ ಸಮ ಕೂಗ್ತಿದ್ವು, ಆದ್ರೆ 250ರದ್ದು ಆ ಮಿಲಿವ್ಯಾಟ್ ಎಳ್ಕೊಳಕ್ಕೆ ಸುಮಾರು ಮೂರು ಪಟ್ಟು ವೋಲ್ಟೇಜ್ ಕೇಳುತ್ತೆ. ಒಳಗಿನ ಕಾಯಿಲ್‌ಗೆ ಕೂದಲಿಗಿಂತ ಸಣ್ಣ ತಂತಿ, ಸುತ್ತು ಜಾಸ್ತಿ, ಅದಕ್ಕೆ.

ಇಲ್ಲೇ ಎಲ್ಲರೂ ಎದ್ದು ಹೋಗೋದು, "ಹೂಂ, ಓಮ್ ಜಾಸ್ತಿ ಆದ್ರೆ ಸೌಂಡ್ ಕಮ್ಮಿ, ಗೊತ್ತಾಯ್ತು" ಅಂತ. ಕೂತ್ಕೊಳ್ಳಿ.

ಎಕೆಜಿ ಕೆ240 ಸ್ಟುಡಿಯೋ ಅಂತ ಇದೆ, ನಮ್ಮ ಕಡೆ ಹೋಮ್ ಸ್ಟುಡಿಯೋ ಮಾಡೋರು ತುಂಬಾ ಜನ ತಗೋತಾರೆ, 55 ಓಮ್. ಸೋನಿ ಎಂಡಿಆರ್-7506 ಅಂತ ಇನ್ನೊಂದು, ಡಬ್ಬಿಂಗ್, ಶೂಟಿಂಗ್ ಕಡೆ ಕೆಲಸ ಮಾಡೋರ ಕುತ್ತಿಗೇಲಿ ನೇತಾಡ್ತಿರುತ್ತೆ, ಅದು 63 ಓಮ್. ಓಮ್ ನೋಡಿ ತೀರ್ಪು ಕೊಡೋದಾದ್ರೆ ಎರಡೂ ಒಂದೇ, ಎಕೆಜಿನೇ ಒಂಚೂರು ಜೋರಿರ್ಬೇಕು. ಆದ್ರೆ ಅದೇ ಅರ್ಧ ವೋಲ್ಟಿನ ಫೋನಿಗೆ ಹಾಕಿ, ಎಕೆಜಿ ಸುಮಾರು 97, 98ಕ್ಕೆ ನಿಲ್ಲುತ್ತೆ, ಸೋನಿ 112 ಮುಟ್ಟುತ್ತೆ. ಯಾಕೆ? ಎಕೆಜಿ ಸೆನ್ಸಿಟಿವಿಟಿ ಮಿಲಿವ್ಯಾಟ್‌ಗೆ 91, ಸೋನಿದು 106. ಹದಿನೈದು ಡಿಬಿ ವ್ಯತ್ಯಾಸ ಅಲ್ಲೇ ಕೂತಿದೆ, ಓಮಿಗೂ ಅದಕ್ಕೂ ಸಂಬಂಧಾನೇ ಇಲ್ಲ. 55 ಓಮ್‌ನ ಎಕೆಜಿ ಫೋನಲ್ಲಿ ಕೇಳಿಸೋದು ನಮ್ಮ ಹುಡುಗನ 250 ಓಮ್‌ದಷ್ಟೇ, ಒಂದೂವರೆ ಡಿಬಿ ಆಚೀಚೆ. ಓಮ್ ಒಂದೇ ನೋಡಿ ಹೆಡ್‌ಫೋನ್ ಬದಲಾಯಿಸಿ ಮತ್ತೆ ನನಗೇ ಮೆಸೇಜ್ ಹಾಕೋರ ಕಥೆ ಇದು.

ಇನ್ನೊಂದು ಚೇಷ್ಟೆ ಇದೆ. ಸೆನ್ಸಿಟಿವಿಟಿ ನಂಬರನ್ನ ಒಬ್ಬರು ಮಿಲಿವ್ಯಾಟ್‌ಗೆ ಇಷ್ಟು ಅಂತ ಹಾಕ್ತಾರೆ, ಇನ್ನೊಬ್ಬರು ವೋಲ್ಟ್‌ಗೆ ಇಷ್ಟು ಅಂತ. ಎಕೆಜಿ ಅದೇ ಹೆಡ್‌ಫೋನು ವೋಲ್ಟ್ ಲೆಕ್ಕದಲ್ಲಿ 104 ಆಗುತ್ತೆ. ಜನ 104 ನೋಡ್ತಾರೆ, ಪಕ್ಕದಲ್ಲಿ ಬೇಯರ್‌ಡೈನಮಿಕ್‌ದು 96 ನೋಡ್ತಾರೆ, ಎಂಟು ಡಿಬಿ ಜೋರು ಅಂತ ಆರ್ಡರ್ ಒತ್ತುತಾರೆ. ನಮ್ ಕಾಲದ ಎಸ್ಎಸ್ಎಲ್‌ಸಿಲಿ ಫಸ್ಟ್ ಲ್ಯಾಂಗ್ವೇಜ್ 125ಕ್ಕೆ, ಮಿಕ್ಕಿದ್ದೆಲ್ಲ 100ಕ್ಕೆ ಇತ್ತಲ್ಲ, ಕನ್ನಡದಲ್ಲಿ 104 ತಗೊಂಡು ಗಣಿತದ 96ಕ್ಕಿಂತ ಜಾಸ್ತಿ ಅಂತ ಮನೇಲಿ ಹೇಳಿದಂಗೆ ಇದು. ಬೇಯರ್‌ಡೈನಮಿಕ್‌ನೂ ವೋಲ್ಟ್ ಲೆಕ್ಕಕ್ಕೆ ತಂದ್ರೆ 102. ತರೋದು ಹೆಂಗೆ ಅಂದ್ರೆ:

```
dB/V = dB/mW + 10 × log10(1000 / ohm)
250 ohm: 96 + 6 = 102
55 ohm:  91 + 12.6 = 103.6
```

ಫೋನಿಗೆ ಹಾಕೋರಿಗೆ ಬೇಕಿರೋ ನಂಬರ್ ಈ ವೋಲ್ಟ್‌ದೇ, ಯಾಕಂದ್ರೆ ಅದರೊಳಗೇ ಓಮೂ ಸೇರಿಹೋಗಿರುತ್ತೆ. ನಿಮ್ಮ ಫೋನು ಅರ್ಧ ವೋಲ್ಟ್ ಕೊಟ್ರೆ ಅದರಿಂದ ಆರು ಕಳೀರಿ, ಮುಗೀತು. ಮತ್ತೆ ದಯವಿಟ್ಟು, ಡಬ್ಬೀಲಿ ಬರೋ ಆ ದಪ್ಪ 6.3 ಎಂಎಂ ಅಡಾಪ್ಟರ್ ತಿರುಗಿಸಿ ಹಾಕಿದ್ರೆ ಪವರ್ ಜಾಸ್ತಿ ಬರಲ್ಲ. ಅದು ಬರೀ ಪಿನ್ನು.

ಫೋನ್ ಕಂಪನಿಯವರು ಯಾಕೆ ಅರ್ಧ ವೋಲ್ಟಿಗೆ ನಿಲ್ಲಿಸ್ತಾರೆ ಅಂತ ಬೈಯೋರೂ ಇದ್ದಾರೆ. ಕಂಪನಿಯವರ ಕಣ್ಣಿಗೆ ಬೀಳೋದು 16 ಓಮ್ ಇಯರ್‌ಫೋನು, ಮಿಲಿವ್ಯಾಟ್‌ಗೆ 110 ಡಿಬಿ ಕೊಡೋ ಅಂಥದ್ದು. ಅದಕ್ಕೆ ಅರ್ಧ ವೋಲ್ಟೇ 120 ಡಿಬಿ ದಾಟಿಸುತ್ತೆ, ಕಿವಿ ಹೋಗುವಷ್ಟು. ಇನ್ನೂ ಯಾಕೆ ಕೊಡ್ಬೇಕು? ಅತ್ತ ಸ್ಟುಡಿಯೋದವರ ಕಥೆ ಉಲ್ಟಾ. ಒಂದೇ ಆಂಪ್ಲಿಫೈಯರಿಂದ ನಾಕು ಜನ ವಾದ್ಯದವರಿಗೆ ಹೆಡ್‌ಫೋನ್ ಹಂಚಬೇಕು, 250ರದ್ದು ನಾಕು ಪ್ಯಾರಲಲ್ ಹಾಕಿದ್ರೂ ಆಂಪ್ಲಿಫೈಯರಿಗೆ 62 ಓಮ್ ಕಾಣುತ್ತೆ, ಆರಾಮ. 32ರದ್ದು ನಾಕು ಹಾಕಿದ್ರೆ 8 ಓಮ್ ಆಗಿ ಅದು ಒದ್ದಾಡುತ್ತೆ. ಅಲ್ಲಿ ವೋಲ್ಟೇಜಿಗೆ ಬರ ಇರ್ಲಿಲ್ಲ, ಹಾಗಾಗಿ ಸಣ್ಣ ತಂತಿ ಸುತ್ತಿದ್ರು.

ನಿಜ ಹೇಳ್ಬೇಕು ಅಂದ್ರೆ ನನಗೆ ಬೇರೆ ಪ್ರಶ್ನೆ ಕೇಳಿದ್ರೆ ಖುಷಿಯಾಗ್ತಿತ್ತು: ಯಾವ ಹಾಡು ಹಾಕಿದಾಗ ಸೌಂಡ್ ಕಮ್ಮಿ ಅನ್ಸುತ್ತೆ? ಇದನ್ನ ಯಾರೂ ಕೇಳಲ್ಲ, ಆದ್ರೆ ಅರ್ಧ ರೋಗ ಅಲ್ಲಿದೆ. ಮೇಲೆ ಹೇಳಿದ 96 ಡಿಬಿ ಅನ್ನೋದು ಫುಲ್ ಲೆವೆಲ್ ಟೋನಿಗೆ, ಹಾಡಿಗಲ್ಲ. ಇವತ್ತಿನ ಸಿನಿಮಾ ಹಾಡುಗಳನ್ನ ಮಾಸ್ಟರಿಂಗಲ್ಲಿ ಒತ್ತಿ ಒತ್ತಿ ತುಂಬಿರ್ತಾರೆ, ಸರಾಸರಿ ಲೆವೆಲ್ಲು ಟಾಪಿಂದ ಒಂಬತ್ತು ಹತ್ತು ಡಿಬಿ ಕೆಳಗಿರುತ್ತೆ ಅಷ್ಟೇ. ಹುಡುಗನ ಹೆಡ್‌ಫೋನಲ್ಲಿ ಅದು 86 ಆಗುತ್ತೆ, ಅದು ಕಮ್ಮಿ ಏನಲ್ಲ, ದಿನಾ ಗಂಟೆಗಟ್ಲೆ ಕೇಳ್ಬಾರದಷ್ಟು ಜೋರೇ. ಅವತ್ತು ಅವನು ಎಲ್ಲರಿಗೂ ಕೇಳಿಸ್ತಿದ್ದಿದ್ದು ಹಳೇ ಹಿಂದೂಸ್ತಾನಿ ಲೈವ್ ಕಚೇರಿ. ಅಂಥ ರೆಕಾರ್ಡಿಂಗಲ್ಲಿ ಸರಾಸರಿ ಇಪ್ಪತ್ತು ಇಪ್ಪತ್ತೈದು ಡಿಬಿ ಕೆಳಗಿರಬಹುದು, ತಬಲಾದ ಒಂದೊಂದು ಪೆಟ್ಟು ಮಾತ್ರ ಮೇಲಕ್ಕೆ ಹೋಗಿ ಬರುತ್ತೆ. 96ರಲ್ಲಿ 25 ಕಳೆದ್ರೆ 71. ವಿಲಂಬಿತ್ ಶುರುವಲ್ಲಿ ತಂಬೂರಿ ಅದಕ್ಕೂ ಎಷ್ಟೋ ಕೆಳಗೆ. ಶಾಮಿಯಾನದ ಕೆಳಗೆ, ಪಕ್ಕದಲ್ಲಿ ಬಾಳೆಲೆ ಹಾಕ್ತಾ ಕೂಗಾಡ್ತಿರೋರ ಮಧ್ಯೆ, ಎಲ್ಲಿ ಕೇಳುತ್ತೆ ರೀ? ಸಿನಿಮಾ ಹಾಡು ಹಾಕಪ್ಪಾ ಅಂದೆ, ಹಾಕಿದ, ಮಾವ "ಈಗ ಪರವಾಗಿಲ್ಲ" ಅಂದ್ರು. ಹೆಡ್‌ಫೋನೂ ಅದೇ, ಫೋನೂ ಅದೇ.

ಹಾಗಾಗಿ ಏನು ತಗೋಬೇಕು ಅನ್ನೋದು ನೀವು ಏನು ಕೇಳ್ತೀರ ಅನ್ನೋದ್ರ ಮೇಲಿದೆ. ವೋಲ್ಟೇಜ್ ಡಬಲ್ ಆದಾಗೆಲ್ಲ ಆರು ಡಿಬಿ ಏರುತ್ತೆ. ಫೋನಿನ ಚಾರ್ಜಿಂಗ್ ತೂತಿಗೆ ಚುಚ್ಚಿ ಅದಕ್ಕೆ ಹೆಡ್‌ಫೋನ್ ಹಾಕೋ ಯುಎಸ್‌ಬಿ ಡಾಂಗಲ್ ಇರುತ್ತಲ್ಲ, ಒಂದು ವೋಲ್ಟ್ ಕೊಡೋ ಅಂಥದ್ರಲ್ಲಿ ಆ 250 ಓಮ್‌ದು 102 ಮುಟ್ಟುತ್ತೆ, ಎರಡು ವೋಲ್ಟ್‌ದಾದ್ರೆ 108. ಸಿನಿಮಾ ಹಾಡಿಗೆ ಒಂದು ವೋಲ್ಟೇ ಹೆಚ್ಚು. ಆಲಾಪ ಕೇಳೋರು ಎರಡು ವೋಲ್ಟ್‌ದು ತಗೊಳ್ಳಿ, ಅದಕ್ಕಿಂತ ಮೇಲಿಂದು ಟೇಬಲ್ ಮೇಲಿಡೋ ಡಬ್ಬ, ನಿಮಗೆ ಬೇಡ. ತಗೊಳೋವಾಗ ಡಾಂಗಲ್‌ನ ಮಿಲಿವ್ಯಾಟ್ ನಂಬರ್ ನೋಡಿ ಮೋಸ ಹೋಗ್ಬೇಡಿ, ಅದು ಸಾಮಾನ್ಯವಾಗಿ 32 ಓಮಿಗೆ ಬರೆದಿರೋದು, ಎಷ್ಟು ವೋಲ್ಟ್ ಅಂತ ಹುಡುಕಿ. ಹಾಕಿದ ಮೇಲೂ ಕಮ್ಮಿ ಅನ್ಸಿದ್ರೆ ಫೋನ್ ಸೆಟ್ಟಿಂಗಲ್ಲಿ ವಾಲ್ಯೂಮ್ ಲಿಮಿಟ್ ಆನ್ ಆಗಿದೆಯಾ ನೋಡಿ. ಕೆಲವು ಡಾಂಗಲ್‌ಗಳಿಗೆ ತಮ್ಮದೇ ಒಳಗಿನ ವಾಲ್ಯೂಮ್ ಇರುತ್ತೆ, ಆಂಡ್ರಾಯ್ಡ್ ಅದನ್ನ ಪೂರ್ತಿ ಏರಿಸದೆ ಬಿಟ್ಟಿರುತ್ತೆ, ಆಗ ಎಷ್ಟು ವೋಲ್ಟ್ ಬರೆದಿದ್ರೂ ಸಿಗಲ್ಲ.

ಎರಡು ವೋಲ್ಟ್‌ದು ತಗೊಂಡೋರು ಒಂದು ಕೆಲಸ ಮಾಡಿ, ಪ್ಲೇಯರ್ ಆ್ಯಪಲ್ಲಿ ಎಲ್ಲ ಹಾಡನ್ನೂ ಹತ್ತಿರ ಹತ್ತಿರ ಒಂದೇ ಜೋರಿಗೆ ತರೋ ಲೌಡ್‌ನೆಸ್ ನಾರ್ಮಲೈಸೇಶನ್ ಆನ್ ಇಟ್ಕೊಳ್ಳಿ. ಆಲಾಪಕ್ಕೆ ಅಂತ ವಾಲ್ಯೂಮ್ ಫುಲ್ ಏರಿಸಿ ಕಣ್ಮುಚ್ಚಿ ಕೂತಿರ್ತೀರ, ಕಚೇರಿ ಮುಗೀತು ಅಂತ ಆಟೋಪ್ಲೇ ತಾನಾಗೇ ಒಂದು ಟಪ್ಪಾಂಗುಚ್ಚಿ ಹಾಡಿಗೆ ಹಾರುತ್ತೆ, ನಾರ್ಮಲೈಸೇಶನ್ ಇಲ್ಲದಿದ್ರೆ ಅದು ಸರಾಸರಿ 99 ಡಿಬಿಲಿ ಕಿವಿಗೆ ಬೀಳುತ್ತೆ.