ತಂಗಿಯ ನೋಟ್‌ಬುಕ್: ಬೆಂಗಳೂರಿನಲ್ಲಿ ನೀರು 97ಕ್ಕೇ ಯಾಕೆ ಕುದಿಯುತ್ತದೆ?

ಚಿಕ್ಕಪ್ಪನ ಮಗಳಿಗೆ ಅಂತ ಬರೆಯುತ್ತಿರುವ ನೋಟ್‌ಬುಕ್‌ನಲ್ಲಿ ‘ಕುದಿಯುವುದು’ ಎನ್ನುವ ಪುಟ ಈಗ ಒಂದು ಹದಕ್ಕೆ ಬಂದಿದೆ. ಅವಳು ಒಂಬತ್ತನೇ ಕ್ಲಾಸು. ಪುಟ ಮುಗಿಯಿತು ಅನ್ನಬೇಕಾದರೆ ಅವಳು ಅದನ್ನು ತನ್ನ ಮಾತಿನಲ್ಲಿ ಚಿಕ್ಕಮ್ಮನಿಗೆ ಹೇಳಬೇಕು. ಎಲ್ಲಿ ತಡವರಿಸುತ್ತಾಳೋ ಆ ಜಾಗವನ್ನು ಮತ್ತೆ ಬರೆಯುತ್ತೇನೆ.

ಇನ್ನೊಂದು ನಿಯಮವನ್ನು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್‌ರಿಂದ ತೆಗೆದುಕೊಂಡಿದ್ದೇನೆ. 1983ರ ಬಿಬಿಸಿ ಸಂದರ್ಶನದಲ್ಲಿ ಅವರನ್ನು ಅಯಸ್ಕಾಂತದ ಬಗ್ಗೆ ಕೇಳಿದರು. ರಬ್ಬರ್ ಬ್ಯಾಂಡ್ ಎಳೆದ ಹಾಗೆ ಅಂತ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ ಅಂದರು ಅವರು. ರಬ್ಬರ್ ಯಾಕೆ ಎಳೆಯುತ್ತದೆ ಅಂತ ಕೇಳುತ್ತಾ ಹೋದರೆ ಕೊನೆಗೆ ರಬ್ಬರ್ ಇಟ್ಟುಕೊಂಡು ವಿವರಿಸಲು ಹೊರಟಿದ್ದ ಅದೇ ವಿದ್ಯುತ್ ಬಲಗಳಿಗೇ ಬಂದು ನಿಲ್ಲುತ್ತೇವೆ. ಹಾಗಾಗಿ ಈ ಪುಟದಲ್ಲಿ ಹೋಲಿಕೆ ಇಲ್ಲ. ನೀರಿನ ಬಗ್ಗೆ ನೀರನ್ನೇ ಇಟ್ಟುಕೊಂಡು ಹೇಳಬೇಕು.

ಗುಳ್ಳೆಯೊಳಗೆ ಏನಿದೆ?

ಪುಟ ಶುರುವಾಗುವುದೇ ಈ ಪ್ರಶ್ನೆಯಿಂದ. ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುತ್ತಿದೆ. ಆ ದೊಡ್ಡ ಗುಳ್ಳೆಗಳಲ್ಲಿ ಏನಿದೆ?

“ಗಾಳಿ ಅಲ್ವಾ ಅಕ್ಕ?” ಅಂದಳು.

ಸರಿ, ಗಾಳಿಯೇ ಇರಲಿ ಅಂದುಕೊಳ್ಳೋಣ. ಹತ್ತು ನಿಮಿಷ ಕುದಿಸಿದರೂ ಗುಳ್ಳೆ ನಿಲ್ಲುವುದಿಲ್ಲ. ಅಷ್ಟೊಂದು ಗಾಳಿ ತಳದಿಂದ ಹೇಗೆ ಬಂತು? ಅದೂ ಅಲ್ಲದೆ ಪಾತ್ರೆಯಲ್ಲಿ ನೀರು ಯಾಕೆ ಕಮ್ಮಿಯಾಗುತ್ತಾ ಹೋಗುತ್ತದೆ? ಅವಳು ಸ್ವಲ್ಪ ಹೊತ್ತು ಪಾತ್ರೆಯನ್ನೇ ನೋಡಿ, “ಹಾಗಾದ್ರೆ ಅದು ನೀರೇ” ಅಂದಳು. ಹೌದು, ಅದು ಆವಿಯಾದ ನೀರು. ಒಲೆ ಹಚ್ಚಿದ ಸ್ವಲ್ಪ ಹೊತ್ತಿಗೆ ಪಾತ್ರೆಯ ಗೋಡೆಗೆ ಅಂಟಿಕೊಳ್ಳುವ ಪುಟ್ಟ ಗುಳ್ಳೆಗಳು ಮಾತ್ರ ಗಾಳಿಯವು. ತಣ್ಣೀರಿನಲ್ಲಿ ಕರಗಿದ್ದ ಗಾಳಿ ಬಿಸಿಗೆ ಹೊರಬರುತ್ತದೆ. ಆಮೇಲೆ ಬರುವ ದೊಡ್ಡ ಗುಳ್ಳೆಗಳ ಕಥೆಯೇ ಬೇರೆ.

ಈಗ ಗುಳ್ಳೆಯ ಕಷ್ಟ ನೋಡಬೇಕು. ನೀರಿನ ಮೇಲೆ ಊರಿನ ಗಾಳಿಯಷ್ಟೂ ಕೂತಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ, ಅಂದರೆ ಹೆಚ್ಚುಕಮ್ಮಿ ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ, ಸುಮಾರು 930 ಗ್ರಾಂ ಗಾಳಿಯ ಭಾರ ಇರುತ್ತದೆ. ಮಂಗಳೂರಿನ ಕಡಲತೀರದಲ್ಲಿ ಅದು ಸುಮಾರು 1030 ಗ್ರಾಂ. ಈ ಭಾರ ನೀರಿನ ಒಳಗೂ ಎಲ್ಲ ದಿಕ್ಕಿನಿಂದ ಒತ್ತುತ್ತದೆ. ಒಳಗಿನ ಆವಿ ಅಷ್ಟೇ ಜೋರಾಗಿ ಹೊರಕ್ಕೆ ಒತ್ತಿದರೆ ಗುಳ್ಳೆ ಉಳಿಯುತ್ತದೆ. ಇಲ್ಲದಿದ್ದರೆ ಅಲ್ಲೇ ಕುಸಿದುಹೋಗುತ್ತದೆ.

ಆವಿ ಎಷ್ಟು ಜೋರಾಗಿ ಒತ್ತುತ್ತದೆ ಅನ್ನುವುದನ್ನು ಬಿಸಿ ತೀರ್ಮಾನಿಸುತ್ತದೆ. ನೀರಿನ ಅಣುಗಳು ಸುಮ್ನೆ ಇರುವುದಿಲ್ಲ, ಓಡಾಡುತ್ತಲೇ ಇರುತ್ತವೆ. ಬಿಸಿ ಜಾಸ್ತಿಯಾದಷ್ಟೂ ನೀರಿನ ಹಿಡಿತ ಬಿಡಿಸಿಕೊಂಡು ಆವಿಯಾಗುವ ಅಣುಗಳು ಜಾಸ್ತಿ. ಆ ಅಣುಗಳು ಗುಳ್ಳೆಯ ಗೋಡೆಗೆ ಬಡಿಯುವುದೇ ಆವಿಯ ಒತ್ತಡ. ನೋಟ್‌ಬುಕ್‌ನಲ್ಲಿ ಕೆಲವೇ ಅಂಕಿ ಕೊಟ್ಟಿದ್ದೇನೆ. 25 ಡಿಗ್ರಿಯಲ್ಲಿ ಆವಿ ಒತ್ತುವುದು ಉಗುರಗಲಕ್ಕೆ ಬರೀ 32 ಗ್ರಾಂ. 60 ಡಿಗ್ರಿಯಲ್ಲಿ ಸುಮಾರು 200. 80ರಲ್ಲಿ ಸುಮಾರು 480. 97ರಲ್ಲಿ ಸುಮಾರು 930. 100ರಲ್ಲಿ ಸುಮಾರು 1030.

ಇಷ್ಟು ಬರೆದು ಕೈಗೆ ಕೊಟ್ಟೆ, ಉಳಿದದ್ದನ್ನು ಅವಳೇ ಹೇಳಿದಳು. ಬೆಂಗಳೂರಿನ ಗಾಳಿ 930 ಗ್ರಾಂ ಒತ್ತುತ್ತದೆ, 97 ಡಿಗ್ರಿಯ ಆವಿಯೂ 930 ಒತ್ತುತ್ತದೆ. ಅಲ್ಲಿಗೆ ಗುಳ್ಳೆ ನಿಂತಿತು, ನೀರು ಕುದಿಯಿತು. ಪುಸ್ತಕದ 100 ಡಿಗ್ರಿ ಸಮುದ್ರಮಟ್ಟದ ಲೆಕ್ಕ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಲ್ಲಿ ನೀರು ಸುಮಾರು 93.5 ಡಿಗ್ರಿಗೇ ಕುದಿಯುತ್ತದೆ.

ಇದನ್ನು ಅಡುಗೆಮನೆಯಲ್ಲಿ ಅಳೆದು ನೋಡಿದೆವು. ಥರ್ಮಾಮೀಟರ್ 97ರ ಹತ್ತಿರ ನಿಂತಿತು. ಅವಳ ಮೊದಲ ಅನುಮಾನ ಥರ್ಮಾಮೀಟರ್ ಮೇಲೆಯೇ, ಅದು ನ್ಯಾಯವೇ. ಐಸ್ ಕುಟ್ಟಿ, ಸ್ವಲ್ಪ ನೀರು ಹಾಕಿ, ಕಲಕಿ, ಅದರಲ್ಲಿಟ್ಟು ನೋಡಿದರೆ ಸೊನ್ನೆ ತೋರಿಸಬೇಕು. ತೋರಿಸಿತು. ಅಳೆಯುವಾಗ ತುದಿ ತಳಕ್ಕೆ ತಾಗಬಾರದು. ತಳದ ಲೋಹ ನೀರಿಗಿಂತ ಬಿಸಿಯಾಗಿರುತ್ತದೆ.

ಒಂದು ಶಬ್ದವನ್ನೂ ಗಮನಿಸಿದೆವು. ಕುದಿ ಬರುವ ಮುಂಚೆ ಪಾತ್ರೆ ಸೊಯ್ಯ್ ಅನ್ನುತ್ತದೆ, ಕುದಿ ಬಂದ ಮೇಲೆ ಆ ಸದ್ದು ಇಳಿಯುತ್ತದೆ. ತಳದಲ್ಲಿ ಹುಟ್ಟಿದ ಗುಳ್ಳೆ ಮೇಲಿನ ತಣ್ಣಗಿರುವ ನೀರಿಗೆ ಏರಿದ ಕೂಡಲೇ ಅದರ ಆವಿ ಮತ್ತೆ ನೀರಾಗಿ ಗುಳ್ಳೆ ಕುಸಿಯುತ್ತದೆ. ಆ ಸದ್ದು ಸಾವಿರಾರು ಗುಳ್ಳೆಗಳು ಕುಸಿಯುವ ಸದ್ದು. ಎರಡು ಒತ್ತಡಗಳ ಜಗಳವನ್ನು ಕಿವಿಯಲ್ಲೇ ಕೇಳಬಹುದು, ನನಗೆ ಈ ಪುಟದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಒಲೆ ಇಲ್ಲದೆ ಕುದಿಸುವುದು

ವಿವರಣೆ ಸರಿಯಿದ್ದರೆ, ಬಿಸಿ ಏರಿಸದೆ ಹೊರಗಿನ ಒತ್ತಡ ಇಳಿಸಿದರೂ ನೀರು ಕುದಿಯಬೇಕು. ಇದಕ್ಕೆ ಮೆಡಿಕಲ್ ಶಾಪಿನಲ್ಲಿ ಸಿಗುವ 20 ಎಂಎಲ್ ಸಿರಿಂಜ್ ಸಾಕು, ಸೂಜಿ ಬೇಡ. ನೀರನ್ನು ಒಮ್ಮೆ ಚೆನ್ನಾಗಿ ಕುದಿಸಿ, 60 ಡಿಗ್ರಿಗೆ ಆರಲು ಬಿಡಬೇಕು. ಸಿರಿಂಜಿಗೆ ಐದು ಎಂಎಲ್ ಎಳೆದುಕೊಂಡು, ತುದಿ ಮೇಲೆ ಮಾಡಿ ಗಾಳಿಯನ್ನೆಲ್ಲ ತಳ್ಳಬೇಕು. ತುದಿಗೆ ಬಿಗಿಯಾಗಿ ಮುಚ್ಚಳ ಹಾಕಿ ಹಿಡಿಯನ್ನು ಜೋರಾಗಿ ಹಿಂದಕ್ಕೆ ಎಳೆಯಬೇಕು. 60 ಡಿಗ್ರಿ ನೀರು ಕೈ ಸುಡುತ್ತದೆ, ಆದ್ದರಿಂದ ಬರಿ ಬೆರಳಿನಿಂದ ತುದಿ ಮುಚ್ಚಬಾರದು, ಎಳೆಯುವುದು ದೊಡ್ಡವರ ಕೆಲಸ.

ಒಳಗೆ ನೀರು ಬುಳುಬುಳು ಕುದಿಯಿತು.

ಎಷ್ಟು ಜೋರಾಗಿ ಎಳೆಯಬೇಕು ಅನ್ನುವುದನ್ನೂ ಲೆಕ್ಕ ಹಾಕಿದೆವು. ಹೊರಗಿನ ಗಾಳಿ 930 ಗ್ರಾಂ ಒಳಕ್ಕೆ ಒತ್ತುತ್ತದೆ, ಆವಿ 200 ಗ್ರಾಂ ಹೊರಕ್ಕೆ ಒತ್ತುತ್ತದೆ. ಉಳಿದ 730 ನಮ್ಮ ಕೈಯದು. ಸಿರಿಂಜಿನ ಬಾಯಿ ಸುಮಾರು ಮೂರು ಚದರ ಸೆಂಟಿಮೀಟರ್ ಇರುವುದರಿಂದ ಒಟ್ಟು ಎರಡು ಕಿಲೋಗಿಂತ ಸ್ವಲ್ಪ ಜಾಸ್ತಿ. ಒಳಗಿನ ರಬ್ಬರಿನ ಉಜ್ಜಾಟವನ್ನು ಇದಕ್ಕೆ ಸೇರಿಸಬೇಕು.

“ಅದು ನೀರಲ್ಲಿ ಕರಗಿದ್ದ ಗಾಳಿಯೇ ಇರಬಹುದಲ್ವಾ?” ಅಂತ ಕೇಳಿದಳು. ಇದು ಒಳ್ಳೆಯ ಪ್ರಶ್ನೆ, ಇದಕ್ಕೆ ಉತ್ತರ ಸಿರಿಂಜಿನಲ್ಲೇ ಇದೆ. ಹಿಡಿಯನ್ನು ಮೆಲ್ಲಗೆ ಬಿಟ್ಟರೆ ಆವಿಯ ಗುಳ್ಳೆ ತಕ್ಷಣ ಮಾಯವಾಗುತ್ತದೆ, ಒತ್ತಡ ಬಂದ ಕೂಡಲೇ ಆವಿ ನೀರಾಗುತ್ತದೆ. ಗಾಳಿಯಾದರೆ ಒಂದು ಸಣ್ಣ ಗುಳ್ಳೆಯಾಗಿ ಹಾಗೇ ಉಳಿದುಕೊಳ್ಳುತ್ತದೆ. ನಮ್ಮದರಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಉಳಿಯಿತು, ಉಳಿದದ್ದೆಲ್ಲ ಮಾಯ. ಮೊದಲೇ ಕುದಿಸಿ ಆರಿಸುವುದು ಇದಕ್ಕೇ. ನಲ್ಲಿ ನೀರನ್ನು ನೇರವಾಗಿ ಬಿಸಿ ಮಾಡಿ ತುಂಬಿದರೆ ಗಾಳಿ ಜಾಸ್ತಿ ಬಂದು ಗೊಂದಲವಾಗುತ್ತದೆ.

ಕುಕ್ಕರ್

ಸಿರಿಂಜಿನಲ್ಲಿ ಒತ್ತಡ ಇಳಿಸಿದೆವು, ಕುಕ್ಕರಿನಲ್ಲಿ ಏರಿಸುತ್ತೇವೆ. ಬೇಳೆ ಬೇಯುವುದು ಬಿಸಿಯಿಂದ, ಕುದಿತದಿಂದಲ್ಲ. ತೆರೆದ ಪಾತ್ರೆಯಲ್ಲಿ ಉರಿ ಎಷ್ಟು ಜೋರು ಮಾಡಿದರೂ ನೀರು 97 ದಾಟುವುದಿಲ್ಲ. ಹೆಚ್ಚಿನ ಶಾಖವೆಲ್ಲ ಅಣುಗಳನ್ನು ಬಿಡಿಸುವುದಕ್ಕೇ ಖರ್ಚಾಗುತ್ತದೆ. ಒಂದು ಲೀಟರ್ ನೀರನ್ನು 25ರಿಂದ 97ಕ್ಕೆ ತರಲು ಬೇಕಾದ ಶಾಖದ ಏಳು ಪಟ್ಟಿಗೂ ಜಾಸ್ತಿ, ಅದನ್ನು ಪೂರ್ತಿ ಆವಿ ಮಾಡಲು ಬೇಕು. ಅದಕ್ಕೇ ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿದರೆ ನಷ್ಟವೇನೂ ಇಲ್ಲ.

ಕುಕ್ಕರಿನ ವೆಯಿಟ್‌ನ ಲೆಕ್ಕ ಅವಳಿಗೆ ತುಂಬಾ ಹಿಡಿಸಿತು. ಹಬೆ ಬರುವ ತೂತು ಮೂರು ಮಿಲಿಮೀಟರ್ ಅಗಲ ಇದೆ ಅಂದುಕೊಳ್ಳೋಣ. ಅದರ ಜಾಗ 0.07 ಚದರ ಸೆಂಟಿಮೀಟರ್. ಅದರ ಮೇಲೆ 70 ಗ್ರಾಂ ವೆಯಿಟ್ ಇಟ್ಟರೆ ಒಂದು ಚದರ ಸೆಂಟಿಮೀಟರಿಗೆ 1,000 ಗ್ರಾಂ ಆಯಿತು. ವೆಯಿಟನ್ನು ಎತ್ತಬೇಕಾದರೆ ಒಳಗಿನ ಹಬೆ ಬೆಂಗಳೂರಿನ 930ನ್ನೂ ಈ 1,000ವನ್ನೂ ಸೇರಿಸಿ 1,930 ಗ್ರಾಂ ಒತ್ತಬೇಕು. ಆವಿ ಅಷ್ಟು ಒತ್ತುವುದು ಸುಮಾರು 118 ಡಿಗ್ರಿಯಲ್ಲಿ. ಅಲ್ಲಿಗೆ ಕುಕ್ಕರ್ ಕೂಗುತ್ತದೆ. ಅದೇ ಕುಕ್ಕರ್ ಮಂಗಳೂರಿನಲ್ಲಾದರೆ 120ರ ಆಸುಪಾಸಿನಲ್ಲಿ ಕೂಗುತ್ತದೆ. ತೆರೆದ ಪಾತ್ರೆಯ ಮೂರು ಡಿಗ್ರಿ ವ್ಯತ್ಯಾಸ ಕುಕ್ಕರಿನಲ್ಲಿ ಎರಡಕ್ಕಿಂತ ಕಮ್ಮಿಯಾಗುತ್ತದೆ.

ಈ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆದ ಸಾಲು ಒಂದೇ. ಒತ್ತಡ ಇಳಿಯುವ ಮುಂಚೆ ವೆಯಿಟ್ ಎತ್ತಬಾರದು, ಮುಚ್ಚಳ ಎಳೆಯಬಾರದು. ಒಳಗಿರುವುದು 118 ಡಿಗ್ರಿಯ ಸಾರು. ಹೊರಗಿನ ಒತ್ತಡ ಒಮ್ಮೆಲೇ 930ಕ್ಕೆ ಇಳಿದರೆ ಸಿರಿಂಜಿನಲ್ಲಿ ನೋಡಿದ್ದೇ ಇಲ್ಲೂ ಆಗುತ್ತದೆ. ಇಡೀ ಸಾರು ತಳದಿಂದ ಮೇಲಿನವರೆಗೆ ಒಟ್ಟಿಗೇ ಕುದಿದು ಹೊರಗೆ ಚಿಮ್ಮುತ್ತದೆ. ಯಾಕೆ ಅಂತ ಚಿಕ್ಕಮ್ಮನಿಗೆ ಅವಳು ಒಂದು ಕಡೆಯೂ ತಡವರಿಸದೆ ವಿವರಿಸಿದಳು.

ಇನ್ನೂ ಬರೆಯಬೇಕಾದದ್ದು

ಪುಟಕ್ಕೊಂದು ಮಿತಿ ಇದೆ. ಇದುವರೆಗೆ ಗುಳ್ಳೆ ಆಗಲೇ ಇದೆ ಅಂತ ಇಟ್ಟುಕೊಂಡು ಮಾತಾಡಿದ್ದೇವೆ. ಅದು ಹುಟ್ಟುವುದು ಹೇಗೆ ಅಂತ ಹೇಳಿಲ್ಲ. ನೀರಿನ ಮೇಲ್ಮೈ ಸದಾ ಕುಗ್ಗಲು ನೋಡುತ್ತದೆ, ಆದ್ದರಿಂದ ಗುಳ್ಳೆ ಚಿಕ್ಕದಾದಷ್ಟೂ ಅದನ್ನು ಹಿಂಡುವ ಒತ್ತಡ ಜಾಸ್ತಿ. ನಡುವಿನಿಂದ ಅಂಚಿಗೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಇರುವ ಗುಳ್ಳೆಗೆ ಉಗುರಗಲಕ್ಕೆ ಸುಮಾರು 1,200 ಗ್ರಾಂ ಹೆಚ್ಚುವರಿ ಒತ್ತಡ ಬೀಳುತ್ತದೆ. 97 ಡಿಗ್ರಿಯ ಆವಿಗೆ ಅಷ್ಟು ಶಕ್ತಿಯಿಲ್ಲ. ಹಾಗಾಗಿ ಗುಳ್ಳೆಗಳು ಪಾತ್ರೆಯ ಗೀರುಗಳಲ್ಲಿ ಸಿಕ್ಕಿಕೊಂಡ ಗಾಳಿಯ ಮೇಲೆಯೇ ಬೆಳೆಯುತ್ತವೆ. ತಳವನ್ನು ಹತ್ತಿರದಿಂದ ನೋಡಿದರೆ ಒಂದೇ ಚುಕ್ಕಿಯಿಂದ ಸಾಲಾಗಿ ಏಳುವುದು ಕಾಣುತ್ತದೆ.

ಗೀರಿಲ್ಲದ ನುಣುಪು ಗಾಜಿನ ಲೋಟದಲ್ಲಿ ನೀರನ್ನು ಮೈಕ್ರೋವೇವ್‌ನಲ್ಲಿ ಇಟ್ಟರೆ ಅದು ಕುದಿಯದೆಯೇ ಕುದಿಬಿಂದು ದಾಟಬಹುದು. ಆಮೇಲೆ ಚಮಚ ಹಾಕಿದ ಕೂಡಲೇ ಉಕ್ಕಿ ಕೈ ಸುಡುತ್ತದೆ. ಇದನ್ನು ಮನೆಯಲ್ಲಿ ಮಾಡಿ ತೋರಿಸುವಂತಿಲ್ಲ. ಸುರಕ್ಷಿತವಾಗಿ ತೋರಿಸಲು ಸೋಡಾ ಇಟ್ಟುಕೊಳ್ಳಬೇಕು ಅಂದುಕೊಂಡಿದ್ದೇನೆ. ಅದರ ಗುಳ್ಳೆ ಆವಿಯದಲ್ಲ, ಕಾರ್ಬನ್ ಡೈ ಆಕ್ಸೈಡ್‌ನದು, ಆದರೆ ಹುಟ್ಟುವ ಜಾಗ ಹುಡುಕುವ ರೀತಿ ಅದೇ. ಲೋಟದ ಒಳಗೋಡೆಗೆ ಒಂದು ಕಡೆ ಮಾತ್ರ ಉಪ್ಪುಕಾಗದ ಉಜ್ಜಿ, ಇನ್ನೊಂದು ಕಡೆ ನುಣುಪಾಗಿಯೇ ಬಿಟ್ಟು, ಗುಳ್ಳೆ ಎಲ್ಲಿಂದ ಏಳುತ್ತದೆ ಅಂತ ನೋಡುವುದು ಮುಂದಿನ ಕೆಲಸ.